ಷೇರಿನ ಬೆಲೆ ಏನನ್ನು ನಂಬಿಕೊಂಡಿದೆ?

ಒಂದು ಷೇರಿಗೆ ಎಷ್ಟು ಬೆಲೆ ಕೊಡಬಹುದು ಅಂತ ಲೆಕ್ಕ ಹಾಕುವುದನ್ನು ನಿಮ್ಮಲ್ಲಿ ಹಲವರು ಕಲಿತಿದ್ದೀರಿ. ಇವತ್ತು ಅದೇ ಲೆಕ್ಕವನ್ನು ಹಿಂದಿನಿಂದ ಮಾಡೋಣ. ಬೆಲೆ ನಮಗೆ ಗೊತ್ತು, ಪರದೆಯ ಮೇಲೆ ಕಾಣುತ್ತಲೇ ಇದೆ. ಆ ಬೆಲೆ ಕೊಟ್ಟು ಕೊಳ್ಳುವವರು ಕಂಪನಿಯ ಬಗ್ಗೆ ಏನು ನಂಬಿರಬೇಕು? ಆ ನಂಬಿಕೆಯನ್ನು ಬೆಲೆಯ ಒಳಗಿನಿಂದ ಹೊರತೆಗೆಯಬಹುದೇ? ತೆಗೆಯಬಹುದು, ಆದರೆ ಪೂರ್ತಿ ಅಲ್ಲ. ಎಷ್ಟು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು ಮಾದರಿಯನ್ನು ಒಂದು ಸಲ ನೆನಪಿಸಿಕೊಳ್ಳೋಣ. ನೀವು ಒಂದು ಷೇರು ಕೊಂಡು ಎಂದಿಗೂ ಮಾರುವುದಿಲ್ಲ ಅಂದುಕೊಳ್ಳಿ. ನಿಮಗೆ ಸಿಗುವುದು ವರ್ಷ ವರ್ಷದ ಡಿವಿಡೆಂಡ್ ಮಾತ್ರ. ಅದು ಪ್ರತಿ ವರ್ಷ ಒಂದೇ ದರದಲ್ಲಿ ಬೆಳೆಯುತ್ತಾ ಹೋಗುತ್ತದೆ. ಆ ದರಕ್ಕೆ g ಅನ್ನೋಣ. ಈ ಷೇರಿನ ಅಪಾಯ ನೋಡಿದರೆ ನಿಮಗೆ ವರ್ಷಕ್ಕೆ ಇಷ್ಟು ಗಳಿಕೆಯಾದರೂ ಬೇಕು ಅನ್ನಿಸುತ್ತದಲ್ಲ, ಆ ದರ r. ಮುಂದೆ ಬರುವ ಎಲ್ಲ ಡಿವಿಡೆಂಡ್‌ಗಳನ್ನೂ r ದರದಲ್ಲಿ ಇವತ್ತಿನ ಮೌಲ್ಯಕ್ಕೆ ಇಳಿಸಿ ಕೂಡಿದರೆ, ಕೊನೆಯಿಲ್ಲದ ಆ ಸಾಲು ಒಂದು ಪುಟ್ಟ ಸೂತ್ರಕ್ಕೆ ಇಳಿದುಬಿಡುತ್ತದೆ:

```
P0 = D1 / (r - g)
```

P0 ಅಂದರೆ ಇವತ್ತಿನ ಬೆಲೆ. D1 ಅಂದರೆ ಮುಂದಿನ ವರ್ಷ ಬರುವ ಡಿವಿಡೆಂಡ್. ಈ 'ಮುಂದಿನ ವರ್ಷ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಇಲ್ಲಿ ಒಂದು ಸಣ್ಣ ಇತಿಹಾಸ. ಷೇರಿನ ಮೌಲ್ಯ ಅದರ ಮುಂದಿನ ಡಿವಿಡೆಂಡ್‌ಗಳಿಂದಲೇ ಬರುತ್ತದೆ ಅನ್ನುವ ಯೋಚನೆಯನ್ನು ಜಾನ್ ಬರ್ ವಿಲಿಯಮ್ಸ್ 1938ರಲ್ಲೇ ವಿವರವಾಗಿ ಮಂಡಿಸಿದ್ದರು. ಈ ಸೂತ್ರಕ್ಕೆ ನಾವು ಇವತ್ತು ಮೈರನ್ ಗೋರ್ಡನ್ ಹೆಸರು ಇಟ್ಟು ಕರೆಯುತ್ತೇವೆ. ಗೋರ್ಡನ್ ಮತ್ತು ಎಲಿ ಶಪಿರೋ 1956ರಲ್ಲಿ ಬರೆದಾಗ ಅವರಿಗೆ ಬೇಕಾಗಿದ್ದದ್ದು ಷೇರಿನ ಬೆಲೆ ಅಲ್ಲ. ಒಂದು ಕಂಪನಿ ಹೊಸ ಯಂತ್ರಕ್ಕೆ ಹಣ ಹಾಕುವ ಮುಂಚೆ ಎಷ್ಟು ಲಾಭದ ದರ ಇರಬೇಕು ಅಂತ ನೋಡಬೇಕಿತ್ತು. ಅದನ್ನು ಅವರು ಮಾರುಕಟ್ಟೆಯ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದರು. ಅಂದರೆ ನಾವು ಇವತ್ತು ಮಾಡಲು ಹೊರಟಿರುವ ಹಿಂದಿನ ಲೆಕ್ಕ ಈ ಸೂತ್ರದ ಜೊತೆಗೇ ಹುಟ್ಟಿದ್ದು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಒಂದು ಷೇರಿನ ಬೆಲೆ 400. ಕಂಪನಿ ಈಗ ತಾನೇ 10 ಡಿವಿಡೆಂಡ್ ಕೊಟ್ಟಿದೆ. ಯಾವ ದೇಶದ ಹಣ ಅನ್ನುವುದು ಬೇಡ, ಲೆಕ್ಕ ಎಲ್ಲ ಕಡೆ ಒಂದೇ. ಅಪಾಯವಿಲ್ಲದ ಸರ್ಕಾರಿ ಬಾಂಡ್ ಶೇ 7 ಕೊಡುತ್ತಿದೆ. ಷೇರಿನ ಅಪಾಯಕ್ಕೆ ಅದರ ಮೇಲೆ ಇನ್ನೂ 4 ಪಾಯಿಂಟ್ ಬೇಕು ಅನ್ನುವುದು ನಮ್ಮ ಲೆಕ್ಕ. ಹಾಗಾಗಿ r ಶೇ 11. ಬೆಲೆ ನಂಬಿಕೊಂಡಿರುವ g ಎಷ್ಟು?

ಹೆಚ್ಚಿನವರು ಮಾಡುವುದು ಹೀಗೆ. ಸೂತ್ರವನ್ನು ತಿರುಗಿಸಿದರೆ g ಅಂದರೆ r ಕಳೆ ಡಿವಿಡೆಂಡ್ ಯೀಲ್ಡ್. 10 ಭಾಗಿಸು 400, ಅದು ಶೇ 2.5. 11ರಿಂದ 2.5 ಕಳೆದರೆ 8.5. ಮುಗಿಯಿತು.

ಮುಗಿಯಲಿಲ್ಲ. ಅಲ್ಲಿ ಇಡಬೇಕಾದ್ದು D1, ನಾವು ಇಟ್ಟದ್ದು ಈಗಾಗಲೇ ಕೊಟ್ಟು ಮುಗಿದ ಡಿವಿಡೆಂಡ್. ಅದು D0. ಮುಂದಿನ ವರ್ಷದ ಡಿವಿಡೆಂಡ್ ಈ 10ರ ಮೇಲೆ g ಬೆಳೆದು ಬರುತ್ತದೆ. ಆದರೆ g ತಾನೇ ನಮಗೆ ಗೊತ್ತಿಲ್ಲದ್ದು? ಆದ್ದರಿಂದ g ಎರಡೂ ಕಡೆ ಕೂತಿದೆ. ಅದನ್ನು ಒಂದು ಕಡೆಗೆ ತಂದರೆ ಹೀಗಾಗುತ್ತದೆ:

```
g = (P0 * r - D0) / (P0 + D0)
  = (400 * 0.11 - 10) / (400 + 10)
  = 34 / 410
  = 0.0829
```

ಶೇ 8.29. ಮೊದಲಿನ 8.5ಕ್ಕೂ ಇದಕ್ಕೂ 0.2 ಪಾಯಿಂಟ್ ವ್ಯತ್ಯಾಸ, ಅಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ನಾನೂ ಮೊದಲ ಸಲ ಹಾಗೇ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಆಮೇಲೆ ಆ 8.5 ಅನ್ನು ಮತ್ತೆ ಸೂತ್ರಕ್ಕೆ ಹಾಕಿ ನೋಡಿದೆ. ಮುಂದಿನ ಡಿವಿಡೆಂಡ್ 10.85, ಕೆಳಗೆ 0.025, ಬೆಲೆ ಬಂದದ್ದು 434. ನಾನು ಹೊರಟದ್ದು 400ರಿಂದ. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹಿಂದಕ್ಕೆ ತೆಗೆದ ಯಾವುದೇ ಸಂಖ್ಯೆಯನ್ನು ಮತ್ತೆ ಮುಂದಕ್ಕೆ ಹಾಕುತ್ತೇನೆ. ಹೊರಟ ಬೆಲೆಯೇ ಬರಬೇಕು. ಬರದಿದ್ದರೆ D0 ಮತ್ತು D1 ಎಲ್ಲೋ ಬೆರೆತುಹೋಗಿವೆ ಅಂತ ಅರ್ಥ.

ಮುಂದಿನ ಡಿವಿಡೆಂಡ್ ಕಂಪನಿಯೇ ಘೋಷಿಸಿದ್ದರೆ ಈ ತೊಡಕಿಲ್ಲ. ಅದನ್ನು ನೇರವಾಗಿ D1 ಅಂತ ಇಟ್ಟು, r ಇಂದ ಯೀಲ್ಡ್ ಕಳೆದರೆ ಸಾಕು.

ಈ 8.29 ನಿಜಕ್ಕೂ ಏನು ಹೇಳುತ್ತಿದೆ ಅಂತ ಒಂದು ವರ್ಷದ ಮಟ್ಟಿಗೆ ನೋಡೋಣ. ಇವತ್ತು 400 ಕೊಟ್ಟಿರಿ. ವರ್ಷದ ಕೊನೆಗೆ ಕೈಗೆ 10.83 ಬಂತು. ಡಿವಿಡೆಂಡ್ ಬೆಳೆದಷ್ಟೇ ಬೆಲೆಯೂ ಬೆಳೆಯುತ್ತದೆ ಅನ್ನುವುದು ಮಾದರಿಯ ಒಳಗೇ ಇದೆ. ಹಾಗಾಗಿ ಷೇರು 433.17ಕ್ಕೆ ಹೋಯಿತು. ಏರಿದ್ದು 33.17. ಎರಡೂ ಸೇರಿ 44. ನಾಲ್ಕುನೂರರ ಮೇಲೆ 44 ಅಂದರೆ ಸರಿಯಾಗಿ ಶೇ 11. ಗಮನಿಸಿದಿರಾ? ನಿಮ್ಮ 11ರಲ್ಲಿ ಕೈಗೆ ಬರುವುದು ಬರೀ 2.7. ಉಳಿದ 8.3 ಬೆಳವಣಿಗೆಯ ಭರವಸೆ. ಯೀಲ್ಡ್ ಕಡಿಮೆ ಇರುವ ಷೇರುಗಳಲ್ಲಿ ಗಳಿಕೆಯ ಮುಕ್ಕಾಲು ಪಾಲು ಇನ್ನೂ ಆಗದೇ ಇರುವ ಬೆಳವಣಿಗೆಯ ಮೇಲೆ ನಿಂತಿರುತ್ತದೆ.

ಈಗ ನನಗೆ ಮುಖ್ಯ ಅನ್ನಿಸುವ ಜಾಗಕ್ಕೆ ಬಂದೆವು. ಶೇ 8.29 ಅನ್ನುವುದನ್ನು ಬೆಲೆ ಹೇಳಿತೇ, ನಾವು ಹೇಳಿಸಿದೆವೇ? r ಶೇ 10 ಅಂತ ಇಟ್ಟು ಅದೇ ಲೆಕ್ಕ ಮಾಡಿ. g 7.32 ಬರುತ್ತದೆ. r ಶೇ 12 ಅಂತ ಇಡಿ. g 9.27. ನಾವು r ಅನ್ನು ಒಂದು ಪಾಯಿಂಟ್ ಸರಿಸಿದರೆ g ಕೂಡ ಹೆಚ್ಚು ಕಡಿಮೆ ಒಂದು ಪಾಯಿಂಟ್ ಸರಿಯುತ್ತದೆ. ಮೂರೂ ಸಲ ಬೆಲೆ ಅದೇ 400. ಮೂರೂ ಸಲ ಹೆಚ್ಚು ಕಡಿಮೆ ಬದಲಾಗದೆ ಉಳಿದದ್ದು ಒಂದೇ. r ಮತ್ತು g ನಡುವಿನ ಅಂತರ. ಅದು 2.7 ಪಾಯಿಂಟ್ ಆಸುಪಾಸಿನಲ್ಲೇ ಇದೆ.

ಯಾಕೆ ಅಂದರೆ ನಮ್ಮ ಕೈಯಲ್ಲಿರುವುದು ಒಂದು ಸಮೀಕರಣ, ಗೊತ್ತಿಲ್ಲದವು ಎರಡು. ಬೆಲೆಗೆ ಅಂತರ ಮಾತ್ರ ಗೊತ್ತು. ಆ ಅಂತರ ಶೇ 11 ಮತ್ತು 8.29ರ ನಡುವಿನದೋ, ಶೇ 9 ಮತ್ತು 6.34ರ ನಡುವಿನದೋ ಅಂತ ಬೆಲೆಗೆ ಗೊತ್ತಿಲ್ಲ. ಆದ್ದರಿಂದ 'ಮಾರುಕಟ್ಟೆ ಶೇ 8.29 ಬೆಳವಣಿಗೆ ನಿರೀಕ್ಷಿಸುತ್ತಿದೆ' ಅಂತ ಯಾರಾದರೂ ಬರೆದರೆ ಆ ವಾಕ್ಯ ಅರ್ಧ ಮಾತ್ರ. ಪೂರ್ತಿ ವಾಕ್ಯ ಹೀಗಿರಬೇಕು: 'ಹೂಡಿಕೆದಾರರಿಗೆ ಶೇ 11 ಬೇಕು ಅನ್ನುವುದಾದರೆ, ಈ ಬೆಲೆ ಶೇ 8.29 ಬೆಳವಣಿಗೆಯನ್ನು ನಂಬಿಕೊಂಡಿದೆ.' ನಾನು ವರದಿ ಬರೆಯುವಾಗ ಆ ಮೊದಲ ಅರ್ಧವನ್ನು ಬಿಡುವುದೇ ಇಲ್ಲ. ಅದನ್ನು ಬಿಟ್ಟರೆ ನಮ್ಮದೇ ಊಹೆಯನ್ನು ಮಾರುಕಟ್ಟೆಯ ಬಾಯಿಗೆ ತುರುಕಿದ ಹಾಗಾಗುತ್ತದೆ.

ಹಾಗಿದ್ದರೆ ಈ ಲೆಕ್ಕದಿಂದ ಪ್ರಯೋಜನ ಏನು ಅಂತ ಕೇಳುತ್ತೀರಿ. ಪ್ರಯೋಜನ ಇದೆ. ಮುಂದಕ್ಕೆ ಲೆಕ್ಕ ಹಾಕುವುದಕ್ಕಿಂತ ಹಿಂದಕ್ಕೆ ಹಾಕುವುದು ಎಷ್ಟೋ ನಿಲುಕಿನ ಕೆಲಸ. ಮುಂದಕ್ಕೆ ಹೋಗುವಾಗ g ಅನ್ನು ಒಂದೇ ಒಂದು ಪಾಯಿಂಟ್ ಇಳಿಸಿ, 8.29 ಇದ್ದದ್ದನ್ನು 7.29 ಮಾಡಿ. ಬೆಲೆ 400ರಿಂದ 289ಕ್ಕೆ ಬೀಳುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ಮಾಯ! ಮುಂದಿನ ಎಲ್ಲ ವರ್ಷಗಳ ಬೆಳವಣಿಗೆಯನ್ನು ಒಂದು ಪಾಯಿಂಟ್ ಆಚೆ ಈಚೆ ಆಗದಂತೆ ಹೇಳಲು ಯಾರಿಗೆ ಆಗುತ್ತದೆ? ಅದೇ ಹಿಂದಕ್ಕೆ ಹೋಗುವಾಗ ನೋಡಿ. ಬೆಲೆ 400ರಿಂದ 320ಕ್ಕೆ ಬಿತ್ತು, ಅಂದರೆ ಐದರಲ್ಲಿ ಒಂದು ಭಾಗ ಹೋಯಿತು. r ಶೇ 11ರಲ್ಲೇ ಇದ್ದರೆ g 8.29ರಿಂದ 7.64ಕ್ಕೆ ಇಳಿಯುತ್ತದೆ, ಅಷ್ಟೇ. ಮುಂದಕ್ಕೆ ಹೋದಾಗ ನಮ್ಮ ಸಣ್ಣ ತಪ್ಪು ದೊಡ್ಡದಾಗುತ್ತದೆ. ಹಿಂದಕ್ಕೆ ಹೋದಾಗ ಬೆಲೆಯ ದೊಡ್ಡ ಕುಣಿತ ಚಿಕ್ಕದಾಗುತ್ತದೆ. ಆದ್ದರಿಂದ 'ಈ ಷೇರು 400 ಬಾಳುತ್ತದೆಯೇ' ಅಂತ ಕೇಳುವುದಕ್ಕಿಂತ 'ಶೇ 8ರ ಆಸುಪಾಸಿನ ಬೆಳವಣಿಗೆ ಈ ಕಂಪನಿಗೆ ಎಂದೆಂದಿಗೂ ಸಾಧ್ಯವೇ' ಅಂತ ಕೇಳುವುದು ಸುಲಭ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳಿವೆ.

ಮೊದಲ ದಾರಿ, 'ಎಂದೆಂದಿಗೂ' ಅನ್ನುವ ಪದವನ್ನು ನಿಜವಾಗಿಯೂ ನಂಬಿ ನೋಡುವುದು. ಇಡೀ ಆರ್ಥಿಕತೆ ಹಣದ ಲೆಕ್ಕದಲ್ಲಿ, ಅಂದರೆ ಬೆಲೆ ಏರಿಕೆಯನ್ನೂ ಸೇರಿಸಿ, ವರ್ಷಕ್ಕೆ ಶೇ 6 ಬೆಳೆಯುತ್ತದೆ ಅಂದುಕೊಳ್ಳಿ. ನಮ್ಮ ಕಂಪನಿಯ ಡಿವಿಡೆಂಡ್ 8.29 ದರದಲ್ಲಿ ಬೆಳೆಯುತ್ತಾ ಇದೆ. ಆಗ ನೂರು ವರ್ಷದಲ್ಲಿ ಆರ್ಥಿಕತೆಯ ಒಳಗೆ ಈ ಕಂಪನಿಯ ಪಾಲು ಎಂಟೂವರೆ ಪಟ್ಟು ಆಗುತ್ತದೆ. ಇನ್ನೂರು ವರ್ಷದಲ್ಲಿ ಎಪ್ಪತ್ತು ಪಟ್ಟು ದಾಟುತ್ತದೆ. ಒಂದು ದಿನ ಕಂಪನಿ ಆರ್ಥಿಕತೆಗಿಂತ ದೊಡ್ಡದಾಗಬೇಕಾಗುತ್ತದೆ. ಅದು ಆಗದ ಮಾತು. ಅಂದರೆ ಈ 8.29 ಒಂದು ದರವಾಗಿ ನಿಜವಾಗಲಾರದು. ಹತ್ತು ಹದಿನೈದು ವರ್ಷದ ಜೋರು ಬೆಳವಣಿಗೆ, ಆಮೇಲಿನ ಸಾಧಾರಣ ಬೆಳವಣಿಗೆ, ಇವೆರಡರ ಸರಾಸರಿಯ ಹಾಗೆ ಇರಬಹುದು. ಇಲ್ಲವೇ ಜನರಿಗೆ ಬೇಕಾದ ಗಳಿಕೆ ಶೇ 11ಕ್ಕಿಂತ ಕಡಿಮೆ ಇರಬಹುದು. ಇಲ್ಲವೇ ಷೇರು ದುಬಾರಿ ಇರಬಹುದು. ಮೂರರಲ್ಲಿ ಯಾವುದು ಅಂತ ಸೂತ್ರ ಹೇಳುವುದಿಲ್ಲ. ಮೂರರಲ್ಲಿ ಒಂದಾದರೂ ಇದೆ ಅಂತ ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಿಂದಿನ ಸೂತ್ರವನ್ನು ಮತ್ತೆ ನೋಡಿ. ಡಿವಿಡೆಂಡ್ ಎಷ್ಟೇ ಚಿಕ್ಕದಿರಲಿ, ಬೆಲೆ ಎಷ್ಟೇ ಮೇಲೆ ಹೋಗಲಿ, g ಎಂದೂ r ಅನ್ನು ಮುಟ್ಟುವುದಿಲ್ಲ. ಬೆಲೆ 4,000 ಆದರೂ g 10.72, ಹನ್ನೊಂದರೊಳಗೇ ಇರುತ್ತದೆ. ಮುಂದಕ್ಕೆ ಲೆಕ್ಕ ಹಾಕುವಾಗ g ಜಾಸ್ತಿ ಇಟ್ಟರೆ ಛೇದ ಸೊನ್ನೆಯೋ ಋಣವೋ ಆಗಿ ಲೆಕ್ಕ ಮುರಿದುಬೀಳುತ್ತದೆ, ನಮಗೆ ಗೊತ್ತಾಗುತ್ತದೆ. ಹಿಂದಕ್ಕೆ ಹೋಗುವಾಗ ಲೆಕ್ಕ ಮುರಿಯುವುದೇ ಇಲ್ಲ. ಯಾವ ಬೆಲೆಗೂ ಅದು ಒಂದು ನೀಟಾದ ಉತ್ತರ ಕೊಡುತ್ತದೆ. ಉತ್ತರ ಬಂತು ಅನ್ನುವುದನ್ನೇ ಉತ್ತರ ಸರಿ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ.

ಎರಡನೆಯ ದಾರಿ ಕಂಪನಿಯ ಒಳಗಿನಿಂದ ಬರುತ್ತದೆ. ಇದು ನನಗೆ ಇನ್ನೂ ಹತ್ತಿರವಾದದ್ದು. ಡಿವಿಡೆಂಡ್ ಸುಮ್ನೆ ಬೆಳೆಯುವುದಿಲ್ಲ. ಲಾಭದಲ್ಲಿ ಒಂದು ಪಾಲನ್ನು ಕಂಪನಿ ಒಳಗೇ ಉಳಿಸಿಕೊಂಡು, ಅದನ್ನು ಮತ್ತೆ ದುಡಿಸಬೇಕು. ನಮ್ಮ ಕಂಪನಿ ಒಂದು ಷೇರಿಗೆ 25 ಲಾಭ ಮಾಡಿದೆ, 10 ಹಂಚಿದೆ. 15 ಉಳಿಸಿಕೊಂಡಿದೆ, ಅಂದರೆ ಶೇ 60. ಹೊರಗಿನಿಂದ ಹೊಸ ಬಂಡವಾಳ ತರದೆ ಇದ್ದರೆ, ಸಾಲದ ಪ್ರಮಾಣವೂ ಹಾಗೇ ಇದ್ದರೆ, ಬೆಳವಣಿಗೆ ಅಂದರೆ ಉಳಿಸಿದ ಪಾಲು ಗುಣಿಸು ಆ ಬಂಡವಾಳ ಗಳಿಸುವ ದರ. 8.29 ಬರಬೇಕಾದರೆ ಉಳಿಸಿದ ಹಣ ವರ್ಷಕ್ಕೆ ಶೇ 13.8 ದುಡಿಯಬೇಕು. ಕೈಗೆ ಸಿಗದ 'ಬೆಳವಣಿಗೆ' ಅನ್ನುವ ಮಾತು ಈಗ ಒಂದು ಗಟ್ಟಿ ಪ್ರಶ್ನೆಯಾಯಿತು. ಕಂಪನಿಯ ಲೆಕ್ಕಪತ್ರ ತೆಗೆದು ನೋಡಬಹುದು. ಇದುವರೆಗೆ ಬಂಡವಾಳದ ಮೇಲೆ ಎಷ್ಟು ಗಳಿಸುತ್ತಾ ಬಂದಿದೆ? 14 ಇದ್ದರೆ, ಇವತ್ತಿನ ಮಟ್ಟಿಗೆ ಸರಿ ಇದೆ ಅನ್ನಬಹುದು. 9 ಇದ್ದರೆ, ಬೆಲೆ ಯಾವುದನ್ನೋ ಕಣ್ಣುಮುಚ್ಚಿ ನಂಬಿದೆ.

14 ಇದ್ದರೂ ಅಲ್ಲಿಗೇ ನಿಲ್ಲಬೇಡಿ. ಹೂಡಿಕೆದಾರರಿಗೆ ಬೇಕಾದದ್ದು 11, ಕಂಪನಿ ಗಳಿಸುತ್ತಿರುವುದು 13.8. ಆ ಹೆಚ್ಚಿನ ಗಳಿಕೆ ಇದ್ದ ಕಡೆ ಪೈಪೋಟಿ ಬರುತ್ತದೆ. ಒಂದು ಬೇರೆ ಲೆಕ್ಕ ಹಾಕಿ ನೋಡೋಣ. ಹೊಸದಾಗಿ ಹಾಕುವ ಹಣ ಶೇ 11 ಮಾತ್ರ ದುಡಿಯುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ ಅಂದುಕೊಳ್ಳಿ. ಆಗ g 60ರ ಶೇ 11, ಅಂದರೆ 6.6. ಮುಂದಿನ ಡಿವಿಡೆಂಡ್ 10.66. ಬೆಲೆ 10.66 ಭಾಗಿಸು 0.044, ಸುಮಾರು 242. ಅಂದರೆ ನೀವು ಕೊಡುವ 400ರಲ್ಲಿ 242 ಸಾಧಾರಣ ಕಂಪನಿಯ ಬೆಲೆ. ಉಳಿದ 158, 'ಈ ಕಂಪನಿ ತನ್ನ ಹೊಸ ಹೂಡಿಕೆಯ ಮೇಲೆ ಎಂದಿಗೂ ಬೇರೆಯವರಿಗಿಂತ ಚೆನ್ನಾಗಿ ಗಳಿಸುತ್ತದೆ' ಅನ್ನುವ ಒಂದು ನಂಬಿಕೆಗೆ ಕೊಟ್ಟ ಬೆಲೆ. ನನ್ನ ಮಟ್ಟಿಗೆ, ಹಿಂದಿನ ಲೆಕ್ಕದಿಂದ ಸಿಗುವ ಅತಿ ಉಪಯುಕ್ತ ಸಂಖ್ಯೆ ಆ 8.29 ಅಲ್ಲ, ಈ 158. ಯಾಕೆ ಅಂದರೆ ಅದರ ಬಗ್ಗೆ ವಾದ ಮಾಡಬಹುದು. ಈ ಕಂಪನಿಗೆ ಏನಿದೆ, ಬೇರೆಯವರು ಬಂದು ಕಿತ್ತುಕೊಳ್ಳಲಾರದಂಥದ್ದು? ಪೇಟೆಂಟ್ ಇದ್ದರೆ ಅದಕ್ಕೊಂದು ಕೊನೆಯ ದಿನ ಇದೆ. ಸೂತ್ರದಲ್ಲಿ ಆ ಕೊನೆಯ ದಿನ ಇಲ್ಲ.

ಈಗ ಇನ್ನೊಂದು ಕಡೆಯಿಂದ ಬರೋಣ. g ನಮಗೆ ಗೊತ್ತು ಅಂದುಕೊಂಡು r ತೆಗೆಯುವುದು. ಇದು ನೋಡಲು ಇನ್ನೂ ಸುಲಭ:

```
r = D0 * (1 + g) / P0 + g
```

ಕಂಪನಿ ಆರ್ಥಿಕತೆಯ ಜೊತೆಗೇ ಶೇ 6 ಬೆಳೆಯುತ್ತದೆ ಅಂದರೆ, 10.6 ಭಾಗಿಸು 400, ಅದು 2.65. ಅದರ ಜೊತೆ 6. ಒಟ್ಟು ಶೇ 8.65. ಬಾಂಡ್ ಸುಮ್ನೆ ಕೂತರೂ 7 ಕೊಡುತ್ತಿದೆ. ಷೇರಿನ ಎಲ್ಲ ಅಪಾಯಕ್ಕೆ ಸಿಗುವ ಹೆಚ್ಚಿನ ಪ್ರತಿಫಲ ಒಂದೂಮುಕ್ಕಾಲು ಪಾಯಿಂಟ್‌ಗೂ ಕಡಿಮೆ. ನಿಮಗೆ ಅದು ಸಾಕೇ? ಇದು ನೀವೇ ಉತ್ತರಿಸಬೇಕಾದ ಪ್ರಶ್ನೆ. ಆದರೆ ಪ್ರಶ್ನೆ ಸ್ಪಷ್ಟವಾಗಿದೆ, ಅಲ್ವಾ?

ಈ ಲೆಕ್ಕದಲ್ಲಿ ಜಾಸ್ತಿ ಕೆಡುವುದು g ಎಲ್ಲಿಂದ ತಂದೆವು ಅನ್ನುವ ಕಡೆ. ವಿಶ್ಲೇಷಕರು ಸಾಮಾನ್ಯವಾಗಿ ಮುಂದಿನ ಮೂರರಿಂದ ಐದು ವರ್ಷಕ್ಕೆ ಬೆಳವಣಿಗೆಯ ಅಂದಾಜು ಕೊಡುತ್ತಾರೆ. ನಮ್ಮ ಕಂಪನಿಗೆ ಅದು ಶೇ 12 ಅಂತಿಟ್ಟುಕೊಳ್ಳಿ. ಅದನ್ನೇ ತಂದು ಸೂತ್ರಕ್ಕೆ ಹಾಕಿದರೆ r 14.8 ಬರುತ್ತದೆ. ಆಹಾ, ಎಂಥ ಗಳಿಕೆ ಅನ್ನಿಸುತ್ತದೆ. ಐದು ವರ್ಷಕ್ಕೆ ಹೇಳಿದ ಮಾತನ್ನು ನಾವು ಅನಂತಕ್ಕೆ ಹಿಗ್ಗಿಸಿದೆವು ಅನ್ನುವುದು ಸಂಖ್ಯೆಯ ಮೇಲೆ ಬರೆದಿರುವುದಿಲ್ಲ.

ಇದನ್ನು ಸರಿಪಡಿಸಲು ಫುಲ್ಲರ್ ಮತ್ತು ಸಿಯಾ 1984ರಲ್ಲಿ ಒಂದು ಸರಳ ದಾರಿ ಕೊಟ್ಟರು. ಅದಕ್ಕೆ ಎಚ್ ಮಾದರಿ ಅನ್ನುತ್ತಾರೆ. ಬೆಳವಣಿಗೆ ಇವತ್ತು 12ರಲ್ಲಿ ಶುರುವಾಗಿ, ವರ್ಷ ವರ್ಷ ಸಮವಾಗಿ ಇಳಿಯುತ್ತಾ ಬಂದು, ಹತ್ತು ವರ್ಷದಲ್ಲಿ 6ಕ್ಕೆ ನಿಂತು ಅಲ್ಲೇ ಇರುತ್ತದೆ ಅಂದುಕೊಳ್ಳಿ. H ಅಂದರೆ ಆ ಇಳಿಯುವ ಅವಧಿಯ ಅರ್ಧ, ಇಲ್ಲಿ 5. gS ಶುರುವಿನ ದರ, gL ಕೊನೆಗೆ ನಿಲ್ಲುವ ದರ.

```
r = (D0 / P0) * [(1 + gL) + H * (gS - gL)] + gL
  = 0.025 * [1.06 + 5 * 0.06] + 0.06
  = 0.094
```

ಶೇ 9.4. ಮೂರು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜೋರು ಬೆಳವಣಿಗೆ ಎಂದೆಂದಿಗೂ ಅಂದರೆ 14.8. ಜೋರು ಬೆಳವಣಿಗೆ ಇಲ್ಲವೇ ಇಲ್ಲ ಅಂದರೆ 8.65. ಹತ್ತು ವರ್ಷ ಇದ್ದು ಕರಗಿದರೆ 9.4. ಹತ್ತು ವರ್ಷದ ಒಳ್ಳೆಯ ಬೆಳವಣಿಗೆ ಗಳಿಕೆಗೆ ಸೇರಿಸಿದ್ದು ಮುಕ್ಕಾಲು ಪಾಯಿಂಟ್ ಮಾತ್ರ. ನಾನು ಇದನ್ನು ಮೊದಲು ಕಂಡಾಗ ಲೆಕ್ಕ ತಪ್ಪಿದೆ ಅಂದುಕೊಂಡು ಮತ್ತೆ ಮತ್ತೆ ಮಾಡಿದ್ದೆ. ಲೆಕ್ಕ ಸರಿಯಾಗಿಯೇ ಇದೆ. ಬೆಲೆ 400, ಡಿವಿಡೆಂಡ್ ಬರೀ 10 ಇರುವಾಗ ಹತ್ತು ವರ್ಷ ಅನ್ನುವುದು ಬಹಳ ಚಿಕ್ಕ ಅವಧಿ. ಮೌಲ್ಯದ ದೊಡ್ಡ ಪಾಲು ಅದರ ಆಚೆಗೆ ಇದೆ.

ಹೀಗೆ ತೆಗೆದ r ಅನ್ನು ಎಲ್ಲಿ ಬಳಸಬಾರದು ಅನ್ನುವುದನ್ನೂ ಹೇಳಬೇಕು. ಒಂದು ಷೇರಿನ ಬೆಲೆಯಿಂದ r ತೆಗೆದು, ಅದೇ r ಹಾಕಿ ಅದೇ ಷೇರಿನ 'ನ್ಯಾಯವಾದ ಮೌಲ್ಯ' ಕಂಡುಹಿಡಿದ ವರದಿಯನ್ನು ನಾನು ನನ್ನ ಕೆಲಸದ ಶುರುವಿನಲ್ಲಿ ಓದಿದ್ದೆ. ಮೌಲ್ಯ ಮಾರುಕಟ್ಟೆ ಬೆಲೆಗೆ ಸರಿಯಾಗಿ ಹೊಂದುತ್ತದೆ, ಆದ್ದರಿಂದ ಷೇರು ಸರಿಯಾದ ಬೆಲೆಯಲ್ಲಿದೆ ಅಂತ ಅದರಲ್ಲಿತ್ತು. ಹೊಂದದೆ ಇನ್ನೇನಾಗುತ್ತದೆ? ಹಾಕಿದ್ದೇ ವಾಪಸ್ ಬಂದಿದೆ. ಬೆಲೆಯಿಂದ ತೆಗೆದ r ಅನ್ನು ಬೇರೆ ಯಾವುದರ ಜೊತೆಗಾದರೂ ಹೋಲಿಸಬೇಕು. ಬಾಂಡಿನ ಜೊತೆ, ಅಂಥದೇ ಬೇರೆ ಕಂಪನಿಗಳ ಜೊತೆ, ಇಲ್ಲವೇ ನಿಮಗೆ ಬೇಕಾದ ಗಳಿಕೆಯ ಜೊತೆ.

ಅಮೆರಿಕದಲ್ಲಿ ವಿದ್ಯುತ್, ಗ್ಯಾಸ್ ಪೂರೈಸುವ ಕಂಪನಿಗಳ ದರ ನಿಗದಿ ಮಾಡುವ ನಿಯಂತ್ರಕರು ದಶಕಗಳಿಂದ ಇದೇ ಸೂತ್ರದಿಂದ r ತೆಗೆಯುತ್ತಾ ಬಂದಿದ್ದಾರೆ. ಆ ಕಂಪನಿಗಳು ಡಿವಿಡೆಂಡ್ ಜಾಸ್ತಿ ಕೊಡುತ್ತವೆ, ಬೆಳವಣಿಗೆ ನಿಧಾನ. ಗಳಿಕೆಯ ದೊಡ್ಡ ಪಾಲು ಕಣ್ಣಿಗೆ ಕಾಣುವ ಯೀಲ್ಡ್‌ನಿಂದಲೇ ಬರುತ್ತದೆ, ಊಹಿಸಬೇಕಾದ g ಚಿಕ್ಕದು. ಅಂಥ ಕಡೆ ಈ ಸೂತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲೂ ಅವರು ಒಂದೇ ಕಂಪನಿಯನ್ನು ನಂಬಿ ಕೂರುವುದಿಲ್ಲ, ಒಂದೇ ಬಗೆಯ ಹಲವು ಕಂಪನಿಗಳ ಗುಂಪನ್ನು ತೆಗೆದುಕೊಳ್ಳುತ್ತಾರೆ. g ಎಷ್ಟು ಅನ್ನುವುದರ ಮೇಲೇ ಎರಡೂ ಕಡೆಯವರು ವಾದ ಮಾಡುತ್ತಾರೆ.

ಯೀಲ್ಡ್ ತೀರಾ ಜಾಸ್ತಿ ಇದ್ದಾಗ ಇನ್ನೊಂದು ಬಗೆಯ ತೊಂದರೆ. ಬೇರೆ ಒಂದು ಷೇರು, ಬೆಲೆ 100, ಕಳೆದ ವರ್ಷದ ಡಿವಿಡೆಂಡ್ 14, r ಶೇ 11. ಲೆಕ್ಕ ಹಾಕಿದರೆ g ಋಣ 2.6 ಬರುತ್ತದೆ. ಡಿವಿಡೆಂಡ್ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ ಅಂತ ಮಾರುಕಟ್ಟೆ ನಂಬಿದೆ ಅಂತ ಓದಿಕೊಳ್ಳಬೇಡಿ. ಹಾಗೆ ನಿಧಾನವಾಗಿ ಕುಗ್ಗುವ ಡಿವಿಡೆಂಡ್ ಅಪರೂಪ. ಹೆಚ್ಚಾಗಿ ಆಗುವುದು, ಒಂದೇ ಸಲ ಕತ್ತರಿ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ 14 ಹಳೆಯ ಸಂಖ್ಯೆ ಮಾತ್ರ. ಮುಂದಿನ ವರ್ಷ 6 ಕೊಡುತ್ತದೆ ಅಂತಿದ್ದರೆ g 11 ಕಳೆ 6, ಅಂದರೆ ಶೇ 5. ಚಿತ್ರವೇ ಬೇರೆ ಆಯಿತು. ಹೇಗೆ ಗೊತ್ತಾಗುತ್ತದೆ? ಷೇರಿನ ಲಾಭ ನೋಡಿ. ಲಾಭಕ್ಕಿಂತ ಡಿವಿಡೆಂಡ್ ಜಾಸ್ತಿ ಇದ್ದರೆ ಆ D0 ಅನ್ನು ನಂಬಬೇಡಿ. ಆಸ್ತಿ ಮಾರಿ ಒಂದು ಸಲ ಕೊಟ್ಟ ವಿಶೇಷ ಡಿವಿಡೆಂಡ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಅದನ್ನು ಕಳೆದೇ ಲೆಕ್ಕ ಶುರು ಮಾಡಬೇಕು. ಡಿವಿಡೆಂಡ್ ಬದಲು ತನ್ನದೇ ಷೇರುಗಳನ್ನು ವಾಪಸ್ ಕೊಳ್ಳುವ ಕಂಪನಿಯಲ್ಲಿ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಹಂಚಿಕೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ, g ದೊಡ್ಡದಾಗಿ ಬರುತ್ತದೆ. ಷೇರುಗಳ ಸಂಖ್ಯೆ ಕಡಿಮೆಯಾಗುವುದರಿಂದ ಒಂದು ಷೇರಿನ ಡಿವಿಡೆಂಡ್ ನಿಜಕ್ಕೂ ಬೇಗ ಬೆಳೆಯುತ್ತದೆ ಕೂಡ. ಆದ್ದರಿಂದ ಆ g ಅನ್ನು ಇಡೀ ಕಂಪನಿಯ ಬೆಳವಣಿಗೆ ಅಂತ ಓದಿಕೊಂಡು ಆರ್ಥಿಕತೆಯ ದರದ ಜೊತೆ ಹೋಲಿಸಬಾರದು.

ಮಾತು ಮುಗಿಸುವ ಹೊತ್ತಿಗೆ ಮುಂದಿನ ಸಾಲಿನಿಂದ ಒಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. 'ಸರ್, ಬೆಲೆ 400ರಿಂದ 320ಕ್ಕೆ ಬಿತ್ತು ಅಂದಿರಿ. g ಇಳಿಯಿತು ಅಂದಿರಿ. r ಏರಿರಬಹುದಲ್ವಾ?' ಖಂಡಿತ ಏರಿರಬಹುದು. g 8.29ರಲ್ಲೇ ಇಟ್ಟು ಲೆಕ್ಕ ಹಾಕೋಣ. 10.83 ಭಾಗಿಸು 320, ಅದು 3.38. ಅದರ ಜೊತೆ 8.29 ಸೇರಿ, ದಶಮಾಂಶಗಳನ್ನು ಪೂರ್ತಿ ಇಟ್ಟುಕೊಂಡು ಕೂಡಿದರೆ, 11.68. ಅಂದರೆ ಜನ ನಂಬುವ ಬೆಳವಣಿಗೆ 0.65 ಇಳಿದರೂ ಈ ಬೆಲೆ ಬರುತ್ತದೆ, ಅವರಿಗೆ ಬೇಕಾದ ಗಳಿಕೆ 0.68 ಏರಿದರೂ ಇದೇ ಬೆಲೆ ಬರುತ್ತದೆ. ಆ 320 ಅನ್ನು ಎಷ್ಟು ಹೊತ್ತು ನೋಡಿದರೂ ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣನ್ನು ಬೇರೆ ಕಡೆ ತಿರುಗಿಸಬೇಕು. ಅದೇ ವಾರ ಬಾಂಡಿನ ಯೀಲ್ಡ್ ಅರ್ಧ ಪಾಯಿಂಟ್ ಏರಿತ್ತೇ? ಇದೇ ವ್ಯಾಪಾರದ ಬೇರೆ ಕಂಪನಿಗಳೂ ಒಟ್ಟಿಗೆ ಬಿದ್ದವೇ? ಯೀಲ್ಡ್ ಕಡಿಮೆ ಇರುವ ಷೇರುಗಳು ಜಾಸ್ತಿ, ಯೀಲ್ಡ್ ಹೆಚ್ಚಿರುವ ಷೇರುಗಳು ಕಡಿಮೆ ಬಿದ್ದವೇ? ಹಾಗಿದ್ದರೆ ಬಹುತೇಕ r ಏರಿದೆ. ಬೇರೆಯವು ನಿಂತಲ್ಲೇ ನಿಂತು ಇದೊಂದೇ ಬಿದ್ದಿದ್ದರೆ, ಅದೇ ದಿನ ಕಂಪನಿಯ ಲಾಭದ ಫಲಿತಾಂಶವೋ ಡಿವಿಡೆಂಡ್ ಘೋಷಣೆಯೋ ಬಂದಿದ್ದರೆ, g ಇಳಿದಿದೆ ಅನ್ನಲು ಕಾರಣವಿದೆ. ಹೊಸ ಡಿವಿಡೆಂಡ್ ಘೋಷಣೆ ಬಂದಿದ್ದರೆ ಇನ್ನೊಂದು ಕೆಲಸ ಇದೆ. ನಮ್ಮ D0 ಹಳೆಯದಾಯಿತು. ಅದನ್ನು ಬದಲಿಸಿ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.